ರಿಸಲ್ಟ್ ಕಾಲಂಗೆ ಒಂದೇ ಫಾರ್ಮುಲಾ: ಒಂಬತ್ತನೇ ತರಗತಿಯ ಕ್ಲಾಸ್ ಟೀಚರ್‌ಗಳಿಗೆ

ಪ್ರಶ್ನೆ: ಸರ್, ಮೂರು ಸೆಕ್ಷನ್‌ಗೂ ಒಂದೇ ಮಾರ್ಕ್ಸ್ ಶೀಟ್ ಅಂದಿದ್ರಿ. ಆದರೆ ರಿಸಲ್ಟ್ ಕಾಲಂನಲ್ಲಿ ನಾವು ಮೂವರೂ ಒಂದೊಂದು ಫಾರ್ಮುಲಾ ಹಾಕಿಕೊಂಡಿದ್ದೇವೆ. ನನ್ನ ಬಿ ಸೆಕ್ಷನ್‌ನಲ್ಲಿ ಸಮಾಜ ಪರೀಕ್ಷೆಗೇ ಬರದ ಹುಡುಗನಿಗೆ DISTINCTION ಬಂದಿದೆ! ನೀವು ಕಳಿಸಿದ ಫಾರ್ಮುಲಾ ನೋಡಿದರೆ ತಲೆ ತಿರುಗುತ್ತದೆ. ಅದು ಏನು ಮಾಡುತ್ತದೆ ಅಂತ ಎಲ್ಲರಿಗೂ ತಿಳಿಯೋ ಹಾಗೆ ಬರೆದು ಕಳಿಸ್ತೀರಾ?

ಉತ್ತರ:

ಆತ್ಮೀಯರೇ,

ಮೊದಲು ಆ ಹುಡುಗನ ಸಾಲನ್ನೇ ನೋಡೋಣ. ಕನ್ನಡ 112, ಇಂಗ್ಲಿಷ್ 88, ಹಿಂದಿ 90, ಗಣಿತ 86, ವಿಜ್ಞಾನ 89, ಸಮಾಜ AB. ಬಿ ಸೆಕ್ಷನ್‌ನ ಫಾರ್ಮುಲಾದಲ್ಲಿ `AVERAGE(C4:H4)>=85` ಅಂತ ಇದೆ. ಈ AVERAGE ಅಂಕಿಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, AB ಅನ್ನೋ ಅಕ್ಷರಗಳನ್ನು ಸುಮ್ನೆ ಬಿಟ್ಟುಬಿಡುತ್ತದೆ. ಆರರಿಂದ ಭಾಗಿಸಬೇಕಾದ ಕಡೆ ಐದರಿಂದ ಭಾಗಿಸುತ್ತದೆ. ಐದು ವಿಷಯದ ಮೊತ್ತ 465, ಐದರಿಂದ ಭಾಗಿಸಿದರೆ 93. ಅದು 85ಕ್ಕಿಂತ ಜಾಸ್ತಿ, ಹಾಗಾಗಿ DISTINCTION. ಕಂಪ್ಯೂಟರ್ ತಪ್ಪು ಮಾಡಿಲ್ಲ. ನಾವು ಕೇಳಿದ ಪ್ರಶ್ನೆಗೆ ಸರಿಯಾಗಿಯೇ ಉತ್ತರ ಕೊಟ್ಟಿದೆ, ಪ್ರಶ್ನೆ ಬೇರೆ ಇರಬೇಕಿತ್ತು ಅಷ್ಟೇ.

ಬಿ ಸೆಕ್ಷನ್‌ನಲ್ಲಿ ಇನ್ನೊಂದು ಸಮಸ್ಯೆ ಇದೆ, ಅದು ಕಣ್ಣಿಗೆ ಬೀಳುವುದಿಲ್ಲ. ಪ್ರಥಮ ಭಾಷೆಗೆ 125 ಅಂಕ, ಉಳಿದ ಐದಕ್ಕೆ ತಲಾ 100, ಒಟ್ಟು 625. ಹಾಗಿರುವಾಗ ಆರು ಅಂಕಗಳ ಸರಾಸರಿ ಶೇಕಡಾವಾರು ಆಗುವುದಿಲ್ಲ. ಸರಾಸರಿ 85 ಬರಲು ಒಟ್ಟು 510 ಸಾಕು. 625ಕ್ಕೆ 510 ಅಂದರೆ ಶೇ 81.6 ಮಾತ್ರ. ಹಾಗಾಗಿ 515 ತೆಗೆದ ಮಗು ಬಿ ಸೆಕ್ಷನ್‌ನಲ್ಲಿ ಡಿಸ್ಟಿಂಕ್ಷನ್, ಎ ಸೆಕ್ಷನ್‌ನಲ್ಲಿ ಬರೀ ಪಾಸ್. ಅಕ್ಕಪಕ್ಕದ ಮನೆಯ ಮಕ್ಕಳು ಬೇರೆ ಬೇರೆ ಸೆಕ್ಷನ್‌ನಲ್ಲಿದ್ದರೆ ಪೋಷಕರಿಗೆ ಏನು ಹೇಳೋದು?

ಎ ಸೆಕ್ಷನ್‌ನ ಫಾರ್ಮುಲಾ ಒಟ್ಟು ಅಂಕವನ್ನು 625ರಿಂದ ಭಾಗಿಸಿ ಶೇಕಡಾ ನೋಡುತ್ತದೆ. ಒಂದು ವಿಷಯದಲ್ಲಿ ಎಷ್ಟೇ ಕಡಿಮೆ ಬಂದರೂ ಅದಕ್ಕೆ ಗೊತ್ತಾಗುವುದಿಲ್ಲ. ನಮ್ಮ AB ಹುಡುಗ ಅಲ್ಲಿ 465 ತೆಗೆದುಕೊಂಡು ಶೇ 74.4ರಲ್ಲಿ ಪಾಸ್ ಆಗಿಬಿಡುತ್ತಾನೆ. ಸಿ ಸೆಕ್ಷನ್‌ನಲ್ಲಿ `MIN(C4:H4)>=35` ಇದೆ. ಮೂರರಲ್ಲಿ ಇದೇ ಹೆಚ್ಚು ಯೋಚಿಸಿ ಬರೆದದ್ದು. ಆರರಲ್ಲಿ ಅತಿ ಕಡಿಮೆ ಅಂಕ 35 ದಾಟಿದರೆ ಉಳಿದವೂ ದಾಟಿರಲೇಬೇಕು, ಅಲ್ವಾ? ಆದರೆ ಕನ್ನಡಕ್ಕೆ 125ರ ಶೇ 35 ಅಂದರೆ 43.75, ಅಂದರೆ 44 ಬೇಕು. ಕನ್ನಡದಲ್ಲಿ 40 ತೆಗೆದವರನ್ನು ಇದು ಪಾಸ್ ಮಾಡಿಬಿಡುತ್ತದೆ. ಜೊತೆಗೆ MIN ಕೂಡ AVERAGE ಹಾಗೆಯೇ AB ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತದೆ. ಅದರ ಲೆಕ್ಕದಲ್ಲಿ ಆ ಹುಡುಗನ ಕನಿಷ್ಠ ಅಂಕ 86.

ಇನ್ನು ಹೊಸ ಶೀಟ್‌ಗೆ ಬರೋಣ. ಅದರ ಜೋಡಣೆ ತಿಳಿದುಕೊಂಡರೆ ಫಾರ್ಮುಲಾ ಅರ್ಧ ಅರ್ಥವಾದ ಹಾಗೆ. ಮೊದಲ ಸಾಲಿನಲ್ಲಿ ವಿಷಯಗಳ ಹೆಸರು. ಎರಡನೇ ಸಾಲಿನಲ್ಲಿ ಗರಿಷ್ಠ ಅಂಕ: C2ರಲ್ಲಿ 125, D2ರಿಂದ H2ವರೆಗೆ 100. ಮೂರನೇ ಸಾಲಿನಲ್ಲಿ ಪಾಸ್ ಅಂಕ: C3ರಲ್ಲಿ 44, ಉಳಿದ ಐದರಲ್ಲಿ 35. ನಾಲ್ಕನೇ ಸಾಲಿನಿಂದ ಮಕ್ಕಳು ಶುರು. A ಕ್ರಮಸಂಖ್ಯೆ, B ಹೆಸರು, C ಇಂದ H ಆರು ವಿಷಯ, I ಒಟ್ಟು, J ರಿಸಲ್ಟ್. ಬಲಗಡೆ ಸ್ವಲ್ಪ ದೂರದಲ್ಲಿ ಎರಡು ಸೆಲ್‌ಗಳಿವೆ. M1ರಲ್ಲಿ ಡಿಸ್ಟಿಂಕ್ಷನ್ ಗಡಿ 531, M2ರಲ್ಲಿ ಪಾಸಾಗಲು ಬೇಕಾದ ಕನಿಷ್ಠ ಒಟ್ಟು ಅಂಕ 219. ಅವು ಏನು ಅಂತ ಪಕ್ಕದ L1, L2ರಲ್ಲಿ ಕನ್ನಡದಲ್ಲೇ ಬರೆದಿದ್ದೇನೆ.

ನಿಯಮಗಳೆಲ್ಲ ಹೀಗೆ ಸೆಲ್‌ಗಳಲ್ಲಿ ಕಣ್ಣಿಗೆ ಕಾಣುವ ಹಾಗೆ ಇವೆ. ಫಾರ್ಮುಲಾದ ಒಳಗೆ 35 ಅಂತಾಗಲೀ 85 ಅಂತಾಗಲೀ ಎಲ್ಲೂ ಬರೆದಿಲ್ಲ. I4ರಲ್ಲಿ `=SUM(C4:H4)`. J4ರಲ್ಲಿ ಇದು:

```
=IF(COUNT($C4:$H4)+COUNTIF($C4:$H4,"AB")<6,"CHECK",
IF(COUNTIF($C4:$H4,"AB")>0,"ABSENT",
IF(OR(SUMPRODUCT(--($C4:$H4<$C$3:$H$3))>0,$I4<$M$2),"FAIL",
IF($I4>=$M$1,"DISTINCTION","PASS"))))
```

ಇದನ್ನು ಒಂದೇ ಉದ್ದ ವಾಕ್ಯದಂತೆ ಓದಬೇಡಿ. ನಾಲ್ಕು ಸಾಲು, ನಾಲ್ಕು ಪ್ರಶ್ನೆ. ಒಂದು ಪ್ರಶ್ನೆಗೆ ಹೌದು ಅಂತ ಬಂದರೆ ಅಲ್ಲೇ ಉತ್ತರ ಬರೆದು ನಿಲ್ಲುತ್ತದೆ, ಇಲ್ಲ ಅಂದರೆ ಮುಂದಿನ ಪ್ರಶ್ನೆಗೆ ಹೋಗುತ್ತದೆ.

ಮೊದಲ ಪ್ರಶ್ನೆ: ಆರು ಮನೆಗಳಲ್ಲಿ ಯಾವುದಾದರೂ ಸರಿಯಾಗಿ ತುಂಬದೇ ಉಳಿದಿದೆಯಾ? COUNT ಅಂಕಿ ಇರುವ ಸೆಲ್‌ಗಳನ್ನು ಮಾತ್ರ ಎಣಿಸುತ್ತದೆ. COUNTIF ಅಲ್ಲಿ AB ಇರುವ ಸೆಲ್‌ಗಳನ್ನು ಎಣಿಸುತ್ತದೆ. ಎರಡೂ ಸೇರಿ ಆರು ಆಗಲೇಬೇಕು. ಕಡಿಮೆ ಬಂದರೆ ಎಲ್ಲೋ ಒಂದು ಸೆಲ್ ಖಾಲಿ ಇದೆ, ಅಥವಾ ಅಲ್ಲಿ ಅಂಕಿಯೂ ಅಲ್ಲದ AB ಕೂಡ ಅಲ್ಲದ ಏನೋ ಇದೆ. ಆಗ CHECK ಬರುತ್ತದೆ. ಮಾರ್ಕ್ಸ್ ತುಂಬುವ ಮೊದಲು ಎಲ್ಲ ಸಾಲಲ್ಲೂ CHECK ಕಾಣುತ್ತದೆ. ಗಾಬರಿ ಆಗಬೇಡಿ, ತುಂಬುತ್ತಾ ಹೋದಂತೆ ಒಂದೊಂದೇ ಮಾಯವಾಗುತ್ತದೆ.

ಎರಡನೆಯದು: AB ಇದೆಯಾ? ಇದ್ದರೆ ABSENT. FAIL ಅಂತ ಯಾಕೆ ಹಾಕಲಿಲ್ಲ ಅಂದರೆ, ಜ್ವರ ಬಂದು ಒಂದು ಪರೀಕ್ಷೆ ತಪ್ಪಿಸಿಕೊಂಡ ಮಗುವಿಗೆ ಮರುಪರೀಕ್ಷೆ ಕೊಡುತ್ತೇವೋ ಇಲ್ಲವೋ ಅನ್ನೋದನ್ನು ಹೆಡ್‌ಮಾಸ್ಟರ್ ತೀರ್ಮಾನಿಸಬೇಕು. ಫಾರ್ಮುಲಾ ಅದನ್ನು ಮೊದಲೇ ತೀರ್ಮಾನ ಮಾಡಬಾರದು. ಈ ಪ್ರಶ್ನೆ ಮೂರನೆಯದಕ್ಕಿಂತ ಮುಂಚೆಯೇ ಬರಬೇಕು ಅನ್ನೋದಕ್ಕೆ ಇನ್ನೊಂದು ಗಟ್ಟಿ ಕಾರಣವಿದೆ. ಎಕ್ಸೆಲ್‌ನಲ್ಲೂ ಗೂಗಲ್ ಶೀಟ್ಸ್‌ನಲ್ಲೂ ಅಕ್ಷರವನ್ನು ಅಂಕಿಯ ಜೊತೆ ಹೋಲಿಸಿದರೆ ಅಕ್ಷರವೇ ದೊಡ್ಡದು. AB ಅನ್ನೋದು 35ಕ್ಕಿಂತ ಚಿಕ್ಕದಾ ಅಂತ ಕೇಳಿದರೆ ಇಲ್ಲ ಅನ್ನುತ್ತದೆ. ಅಂದರೆ ಗೈರುಹಾಜರಾದವರನ್ನು ಮೊದಲೇ ಪಕ್ಕಕ್ಕೆ ತೆಗೆಯದಿದ್ದರೆ ಮೂರನೇ ಪ್ರಶ್ನೆಯಲ್ಲಿ ಅವರು ಆ ವಿಷಯದಲ್ಲಿ ಪಾಸ್ ಆದ ಹಾಗೆ ದಾಟಿಹೋಗುತ್ತಾರೆ.

ಮೂರನೆಯದೇ ಇದರ ಹೃದಯ. `$C4:$H4<$C$3:$H$3` ಅನ್ನೋದು ಮಗುವಿನ ಆರು ಅಂಕಗಳನ್ನು ಮೂರನೇ ಸಾಲಿನ ಆರು ಪಾಸ್ ಅಂಕಗಳ ಜೊತೆ ಜೋಡಿ ಜೋಡಿಯಾಗಿ ಹೋಲಿಸುತ್ತದೆ. ಕನ್ನಡವನ್ನು 44ರ ಜೊತೆ, ಇಂಗ್ಲಿಷನ್ನು 35ರ ಜೊತೆ, ಹೀಗೆ. ಕಡಿಮೆ ಇದ್ದರೆ TRUE, ಇಲ್ಲದಿದ್ದರೆ FALSE. ಮುಂದೆ ಇರುವ ಎರಡು ಅಡ್ಡಗೆರೆ TRUEಯನ್ನು 1 ಮಾಡುತ್ತದೆ, FALSEಅನ್ನು 0 ಮಾಡುತ್ತದೆ. SUMPRODUCT ಅವನ್ನು ಕೂಡಿಸುತ್ತದೆ. ಬರುವ ಸಂಖ್ಯೆ ಎಷ್ಟು ವಿಷಯದಲ್ಲಿ ಫೇಲ್ ಅನ್ನೋದು. ಕನ್ನಡ 40, ಇಂಗ್ಲಿಷ್ 52, ಹಿಂದಿ 48, ಗಣಿತ 55, ವಿಜ್ಞಾನ 50, ಸಮಾಜ 51 ತೆಗೆದ ಹುಡುಗಿಗೆ ಒಟ್ಟು 296. ಹೋಲಿಕೆಯಲ್ಲಿ 1, 0, 0, 0, 0, 0 ಬರುತ್ತದೆ. ಮೊತ್ತ ಒಂದು, ಸೊನ್ನೆಗಿಂತ ಜಾಸ್ತಿ, ಹಾಗಾಗಿ FAIL. ನಮ್ಮ ಹಳೆಯ ಮೂರು ಫಾರ್ಮುಲಾಗಳೂ ಇವಳಿಗೆ ಪಾಸ್ ಕೊಡುತ್ತಿದ್ದವು.

ಈ ತುಣುಕನ್ನು ಮಾತ್ರ ಬೇರೆ ಕಾಲಂನಲ್ಲಿ ಹಾಕಿಕೊಂಡರೆ ಯಾರು ಎಷ್ಟು ವಿಷಯದಲ್ಲಿ ಹಿಂದಿದ್ದಾರೆ ಅಂತ ನೇರವಾಗಿ ಸಿಗುತ್ತದೆ. ವಿಶೇಷ ತರಗತಿ ಪಟ್ಟಿ ಮಾಡೋಕೆ ಅನುಕೂಲ. ಆದರೆ AB ಇರುವ ಸಾಲುಗಳಲ್ಲಿ ಆ ಸಂಖ್ಯೆಯನ್ನು ನಂಬಬೇಡಿ, ಕಾರಣ ಈಗಷ್ಟೇ ಹೇಳಿದೆ.

ಅದೇ ಸಾಲಿನಲ್ಲಿ OR ಜೊತೆ ಒಟ್ಟು ಅಂಕವನ್ನೂ M2 ಜೊತೆ ಹೋಲಿಸಿದ್ದೇನೆ. ಇದು ಬೇಕಾ ಅಂತ ನಿಮ್ಮಲ್ಲಿ ಕೆಲವರು ಕೇಳಿದಿರಿ. ನಮ್ಮ ಈಗಿನ ನಿಯಮಕ್ಕೆ ನಿಜವಾಗಿ ಬೇಕಿಲ್ಲ. ಕನ್ನಡ 44, ಉಳಿದ ಐದು ತಲಾ 35 ಅಂದರೆ ಒಟ್ಟು 219, ಸರಿಯಾಗಿ ಅಷ್ಟೇ. ಎಲ್ಲ ವಿಷಯ ಪಾಸಾದವರು ತಾವಾಗಿಯೇ 219 ಮುಟ್ಟಿರುತ್ತಾರೆ. ಆದರೆ ನಿಯಮ ಹೀಗೆಯೇ ಇರುತ್ತದೆ ಅಂತ ಹೇಳೋಕಾಗಲ್ಲ. 2025ರಲ್ಲಿ ಎಸ್ಸೆಸ್ಸೆಲ್ಸಿಗೆ ಸರ್ಕಾರ ಹೊಸ ನಿಯಮ ಪ್ರಕಟಿಸಿತಲ್ಲ: ಒಟ್ಟು ಶೇ 33, ಅಂದರೆ 625ಕ್ಕೆ 206, ಜೊತೆಗೆ ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30. ಅಲ್ಲಿ ಎರಡೂ ಷರತ್ತು ಬೇರೆ ಬೇರೆ ಕೆಲಸ ಮಾಡುತ್ತವೆ. ಪ್ರತಿ ವಿಷಯದಲ್ಲೂ ಅಂಚಿನಲ್ಲಿ ದಾಟಿದವರ ಒಟ್ಟು 190ರ ಒಳಗೇ ಇರುತ್ತದೆ, 206 ಮುಟ್ಟುವುದಿಲ್ಲ. ಎಲ್ಲ ವಿಷಯದಲ್ಲೂ ಕನಿಷ್ಠ ದಾಟಿಯೂ ಫೇಲ್ ಆಗಬಹುದು. ನಮ್ಮ ಶಾಲೆ ಒಂಬತ್ತಕ್ಕೂ ಅದನ್ನೇ ತರೋಣ ಅಂದರೆ C3ಗೆ 37.5, D3ರಿಂದ H3ಗೆ 30, M2ಗೆ 206 ಬರೆದರೆ ಮುಗಿಯಿತು. ಫಾರ್ಮುಲಾವನ್ನು ಮುಟ್ಟುವುದೇ ಬೇಡ.

ನಾಲ್ಕನೇ ಪ್ರಶ್ನೆ ಡಿಸ್ಟಿಂಕ್ಷನ್. ಇದು ಕೊನೆಗೆ ಬರಬೇಕು, ಮೊದಲಿಗೆ ಅಲ್ಲ. ಕನ್ನಡ 122, ಇಂಗ್ಲಿಷ್ 98, ಹಿಂದಿ 97, ಗಣಿತ 31, ವಿಜ್ಞಾನ 94, ಸಮಾಜ 95 ಅಂದುಕೊಳ್ಳಿ. ಒಟ್ಟು 537. ಡಿಸ್ಟಿಂಕ್ಷನ್ ಪ್ರಶ್ನೆ ಮೊದಲು ಕೇಳಿದರೆ ಅಲ್ಲೇ ಹೌದು ಅಂತ ಬಂದು ನಿಲ್ಲುತ್ತದೆ, ಗಣಿತದ 31 ಅನ್ನು ಯಾರೂ ನೋಡುವುದೇ ಇಲ್ಲ. ಅಪರೂಪ ನಿಜ, ಆದರೆ ಅಂಥ ಒಂದು ಕಾರ್ಡ್ ಮನೆಗೆ ಹೋದರೆ ಸಾಕು.

ಈಗ 531 ಎಲ್ಲಿಂದ ಬಂತು ಅನ್ನೋದು. ಇದು ಗಣಿತಕ್ಕಿಂತ ತೀರ್ಮಾನದ ವಿಷಯ. 625ರ ಶೇ 85 ಅಂದರೆ 531.25. ನಾವು ಕಾಲು ಅಂಕ ಕೊಡುವುದಿಲ್ಲ. 531 ತೆಗೆದವರು ಶೇ 84.96. ಕಾಲಂನಲ್ಲಿ ದಶಮಾಂಶ ಇಲ್ಲದ ಹಾಗೆ ಫಾರ್ಮ್ಯಾಟ್ ಮಾಡಿದ್ದರೆ ಅದು 85 ಅಂತಲೇ ಕಾಣುತ್ತದೆ. ಆದರೆ `>=85%` ಅಂತ ಕೇಳಿದರೆ ಇಲ್ಲ ಅನ್ನುತ್ತದೆ. ಕಾರ್ಡ್‌ನಲ್ಲಿ ಶೇ 85 ಅಂತ ಅಚ್ಚಾಗಿ ಪಕ್ಕದಲ್ಲಿ PASS ಅಂತ ಇದ್ದರೆ ಪೋಷಕರು ಕೇಳೇ ಕೇಳುತ್ತಾರೆ. ಪಾಸ್ ಗಡಿಯಲ್ಲೂ ಇದೇ ಕಥೆ. 625ರ ಶೇ 33 ಅಂದರೆ 206.25, ಆದರೆ ಸರ್ಕಾರ ಹೇಳಿದ್ದು 206. ಶೇಕಡಾ ಲೆಕ್ಕದ ಫಾರ್ಮುಲಾ 206 ತೆಗೆದವರನ್ನು ಫೇಲ್ ಮಾಡುತ್ತದೆ, ಯಾಕೆಂದರೆ ಅದು ಶೇ 32.96. ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ. ಗಡಿಯನ್ನು ಶೇಕಡಾದಲ್ಲಿ ಇಡಬಾರದು, ಪೂರ್ಣ ಅಂಕದಲ್ಲಿ ಇಡಬೇಕು. ಎಷ್ಟು ಅಂತ ಮನುಷ್ಯರು ಕೂತು ತೀರ್ಮಾನಿಸಿ ಸೆಲ್‌ನಲ್ಲಿ ಬರೆಯಬೇಕು. ಶೇಕಡಾ ಕಾಲಂ ಬೇಕೇ ಬೇಕು ಅಂದರೆ ಇರಲಿ, ಎರಡು ದಶಮಾಂಶದವರೆಗೆ ತೋರಿಸಿ. ಆದರೆ ರಿಸಲ್ಟ್ ಅದನ್ನು ನೋಡದಿರಲಿ.

ಕಾಣುವ ಅಂಕ ಒಂದು, ಒಳಗಿರುವ ಅಂಕ ಇನ್ನೊಂದು ಅನ್ನೋ ತೊಂದರೆ ವಿಷಯಗಳ ಕಾಲಂನಲ್ಲೂ ಬರುತ್ತದೆ. ನಾಲ್ಕು ಎಫ್‌ಎಗಳ ಒಟ್ಟು 200ನ್ನು 20ಕ್ಕೆ ಇಳಿಸುತ್ತೇವೆ. ಒಬ್ಬ ಹುಡುಗನಿಗೆ ಎಫ್‌ಎ ಒಟ್ಟು 146, ಹತ್ತರಿಂದ ಭಾಗಿಸಿದರೆ 14.6. ಬರವಣಿಗೆ ಪರೀಕ್ಷೆಯಲ್ಲಿ 20. ಸೇರಿಸಿದರೆ 34.6. ಸೆಲ್‌ನಲ್ಲಿ 35 ಅಂತ ಕಾಣುತ್ತದೆ, ಪಕ್ಕದಲ್ಲಿ FAIL. ಕ್ಲಾಸ್ ಟೀಚರ್ ಫಾರ್ಮುಲಾ ಕೆಟ್ಟಿದೆ ಅಂದುಕೊಂಡು ಅದರ ಮೇಲೇ PASS ಅಂತ ಟೈಪ್ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಫ್‌ಎ ಇಳಿಸುವ ಜಾಗದಲ್ಲೇ `=ROUND(K4/10,0)` ಥರ ಪೂರ್ಣಾಂಕ ಮಾಡಿ (K4 ಜಾಗದಲ್ಲಿ ನಿಮ್ಮ ಎಫ್‌ಎ ಒಟ್ಟು ಇರುವ ಸೆಲ್ ಬರಲಿ). 14.6 ನಿಜವಾಗಿಯೂ 15 ಆಗುತ್ತದೆ, ಒಟ್ಟು ನಿಜವಾಗಿಯೂ 35 ಆಗುತ್ತದೆ, ರಿಸಲ್ಟ್ ತಾನಾಗಿಯೇ PASS ಆಗುತ್ತದೆ. ಪೂರ್ಣಾಂಕ ಮಾಡುವುದು ಒಂದೇ ಜಾಗದಲ್ಲಿ ಇರಲಿ. ಎಫ್‌ಎಯಲ್ಲಿ ಒಮ್ಮೆ, ವಿಷಯದಲ್ಲಿ ಒಮ್ಮೆ, ಒಟ್ಟಿನಲ್ಲಿ ಒಮ್ಮೆ ಮಾಡಿದರೆ ಕೈಯಲ್ಲಿ ಕೂಡಿಸಿ ನೋಡುವವರಿಗೆ ಲೆಕ್ಕ ಕೂಡುವುದೇ ಇಲ್ಲ.

ಡಾಲರ್ ಚಿಹ್ನೆ ಯಾಕೆ ಅಂತ ಇಂಗ್ಲಿಷ್ ಮೇಡಂ ಕೇಳಿದರು, ದುಡ್ಡಿನ ಲೆಕ್ಕ ಅಲ್ವಲ್ಲ ಅಂತ. ಫಾರ್ಮುಲಾವನ್ನು ಕೆಳಗೆ ಎಳೆದಾಗ ಅದರೊಳಗಿನ ಸಾಲಿನ ಸಂಖ್ಯೆಗಳೂ ಒಂದೊಂದೇ ಕೆಳಗೆ ಇಳಿಯುತ್ತವೆ. ಮಗುವಿನ ಸಾಲು ಹಾಗೆ ಇಳಿಯಲೇಬೇಕು, C4 ಹೋಗಿ C5 ಆಗಬೇಕು. ಆದರೆ ಪಾಸ್ ಅಂಕದ ಸಾಲು ಮೂರರಲ್ಲೇ ನಿಲ್ಲಬೇಕು. ಸಂಖ್ಯೆಯ ಮುಂದೆ $ ಹಾಕಿದರೆ ಅದು ಜಾಗ ಬಿಟ್ಟು ಕದಲುವುದಿಲ್ಲ. ಹಾಕದಿದ್ದರೆ ಏನಾಗುತ್ತದೆ ನೋಡಿ. ಐದನೇ ಸಾಲಿಗೆ ಬಂದಾಗ ಪಾಸ್ ಅಂಕದ ಜಾಗದಲ್ಲಿ C4ರಿಂದ H4 ಬಂದು ಕೂರುತ್ತದೆ. ಅಂದರೆ ಎರಡನೇ ಮಗುವಿನ ಪಾಸ್ ಅಂಕ ಮೊದಲನೇ ಮಗುವಿನ ಅಂಕ! ಮೊದಲನೆಯವಳು ಕ್ಲಾಸಿಗೇ ಫಸ್ಟ್ ಆಗಿದ್ದರೆ ಎರಡನೆಯವನು ಒಂದು ವಿಷಯದಲ್ಲಿ ಅವಳಿಗಿಂತ ಒಂದು ಅಂಕ ಕಡಿಮೆ ತೆಗೆದರೂ ಫೇಲ್. M1 ಕೂಡ ಜಾರಿ M2 ಆಗುತ್ತದೆ, ಡಿಸ್ಟಿಂಕ್ಷನ್ ಗಡಿ 219ಕ್ಕೆ ಇಳಿಯುತ್ತದೆ. ಇನ್ನೂ ಕೆಳಗೆ ಹೋದರೆ ಖಾಲಿ ಸೆಲ್, ಗಡಿ ಸೊನ್ನೆ. ಅಲ್ಲಿ ಫೇಲ್ ಆಗದವರೆಲ್ಲ ಡಿಸ್ಟಿಂಕ್ಷನ್, PASS ಅನ್ನೋ ಪದವೇ ಕಾಣುವುದಿಲ್ಲ.

ಇದನ್ನು ಹಿಡಿಯೋದು ಸುಲಭ. ಪಟ್ಟಿಯ ಕೊನೆಯ ಮಗುವಿನ ರಿಸಲ್ಟ್ ಸೆಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಫಾರ್ಮುಲಾ ಯಾವ ಯಾವ ಸೆಲ್ ನೋಡುತ್ತಿದೆಯೋ ಅವುಗಳ ಸುತ್ತ ಬಣ್ಣದ ಚೌಕ ಕಾಣುತ್ತದೆ. ಒಂದು ಚೌಕ ಆ ಮಗುವಿನ ಸಾಲಿನ ಮೇಲೆ, ಇನ್ನೊಂದು ಮೇಲೆ ಮೂರನೇ ಸಾಲಿನ ಮೇಲೆ ಇರಬೇಕು. ಬೇರೆ ಮಗುವಿನ ಸಾಲಿನ ಮೇಲೆ ಚೌಕ ಕಂಡರೆ $ ಬಿಟ್ಟುಹೋಗಿದೆ. ನೋಡಿ ಆದಮೇಲೆ Esc ಒತ್ತಿ ಹೊರಗೆ ಬನ್ನಿ, Enter ಬೇಡ.

CHECK ಬಂದು ಎಷ್ಟು ನೋಡಿದರೂ ತಪ್ಪು ಕಾಣದೇ ಇರೋದು ನಿಮಗೆ ಜಾಸ್ತಿ ತಲೆನೋವು ಕೊಡುವ ಸಂಗತಿ. ಆರೂ ಅಂಕ ಇವೆ, ಆದರೂ CHECK. ಹಾಗಾದರೆ ಅವುಗಳಲ್ಲಿ ಒಂದು ಅಂಕಿಯಂತೆ ಕಾಣುವ ಅಕ್ಷರ. ಬೇರೆ ಕಡೆಯಿಂದ ಕಾಪಿ ಮಾಡಿ ಪೇಸ್ಟ್ ಮಾಡಿದಾಗ 45ರ ಹಿಂದೆ ಒಂದು ಸ್ಪೇಸ್ ಅಂಟಿಕೊಂಡು ಬರಬಹುದು. ಸೊನ್ನೆ ಬದಲು ಇಂಗ್ಲಿಷ್ ಓ ಟೈಪ್ ಆಗಿರಬಹುದು. AB ಹಿಂದೆ ಸ್ಪೇಸ್ ಇದ್ದರೂ, A.B. ಅಂತ ಚುಕ್ಕಿ ಹಾಕಿದ್ದರೂ ಅದು AB ಅಲ್ಲ. ನೀವು ಅಲೈನ್‌ಮೆಂಟ್ ಬದಲಿಸಿರದಿದ್ದರೆ ಗುರುತು ಸುಲಭ: ನಿಜವಾದ ಅಂಕಿ ಸೆಲ್‌ನ ಬಲಕ್ಕೆ ಅಂಟಿರುತ್ತದೆ, ಅಕ್ಷರ ಎಡಕ್ಕೆ. ಅದಕ್ಕೇ ಅಂಕದ ಕಾಲಂಗಳನ್ನು ಚೆಂದ ಕಾಣಲಿ ಅಂತ ನಡುವೆ ಕೂರಿಸಬೇಡಿ, ಈ ಗುರುತು ಅಳಿಸಿಹೋಗುತ್ತದೆ. ಒಂದೆರಡು ಸೆಲ್ ಆದರೆ ಅಳಿಸಿ ಮತ್ತೆ ಟೈಪ್ ಮಾಡಿ. ಎಕ್ಸೆಲ್‌ನಲ್ಲಿ ಇಡೀ ಕಾಲಂ ಹಾಗಾಗಿದ್ದರೆ ಕಾಲಂ ಸೆಲೆಕ್ಟ್ ಮಾಡಿ Data ಮೆನುವಿನಲ್ಲಿ Text to Columns ತೆರೆದು ನೇರವಾಗಿ Finish ಒತ್ತಿ. ಸಾಮಾನ್ಯವಾಗಿ ಸರಿಹೋಗುತ್ತದೆ.

ಫಾರ್ಮುಲಾ ಹಿಡಿಯಲಾರದ ತಪ್ಪೂ ಇದೆ. 45 ಬರೆಯುವ ಕಡೆ 54 ಬರೆದರೆ ಅದಕ್ಕೆ ಗೊತ್ತಾಗುವುದಿಲ್ಲ, ಅದನ್ನು ಉತ್ತರಪತ್ರಿಕೆ ಪಕ್ಕದಲ್ಲಿಟ್ಟುಕೊಂಡು ಇನ್ನೊಬ್ಬರು ಓದಿಯೇ ನೋಡಬೇಕು. 45ರ ಬದಲು 455 ಬರೆದರೂ ರಿಸಲ್ಟ್ ಫಾರ್ಮುಲಾ ತಕರಾರು ಮಾಡುವುದಿಲ್ಲ, ಆದರೆ ಅದನ್ನು ಟೈಪ್ ಮಾಡುವಾಗಲೇ ತಡೆಯಬಹುದು. C4ರಿಂದ H ಕಾಲಂನ ಕೊನೆಯವರೆಗೆ ಸೆಲೆಕ್ಟ್ ಮಾಡಿ Data validation ತೆರೆದು ಕಸ್ಟಮ್ ಫಾರ್ಮುಲಾ ಜಾಗದಲ್ಲಿ ಇದನ್ನು ಹಾಕಿದ್ದೇನೆ:

```
=OR(C4="AB",AND(ISNUMBER(C4),C4>=0,C4<=C$2))
```

AB ಇರಬೇಕು, ಇಲ್ಲವೇ ಸೊನ್ನೆಯಿಂದ ಎರಡನೇ ಸಾಲಿನ ಗರಿಷ್ಠದ ಒಳಗಿನ ಅಂಕಿ ಇರಬೇಕು. ಬೇರೇನು ಟೈಪ್ ಮಾಡಿದರೂ ಒಳಗೆ ಬಿಡುವುದಿಲ್ಲ. ಆದರೆ ಎಕ್ಸೆಲ್‌ನಲ್ಲಿ ಪೇಸ್ಟ್ ಮಾಡಿದರೆ ಈ ಕಾವಲು ಕೆಲಸ ಮಾಡುವುದಿಲ್ಲ, ಪೇಸ್ಟ್ ಆದದ್ದು ಕಾವಲನ್ನೇ ಅಳಿಸಿಹಾಕಲೂಬಹುದು. ಆದ್ದರಿಂದ ಅಂಕಗಳನ್ನು ಟೈಪ್ ಮಾಡಿ, ಪೇಸ್ಟ್ ಮಾಡಲೇಬೇಕಾದರೆ Paste values ಬಳಸಿ, ಆಮೇಲೆ ಒಮ್ಮೆ ಕಣ್ಣಾಡಿಸಿ.

IFS ಅಂತ ಚಿಕ್ಕ ದಾರಿ ಇದೆ, ಅದನ್ನು ಯಾಕೆ ಬಳಸಲಿಲ್ಲ ಅಂತ ಗಣಿತ ಸರ್ ಕೇಳಿದ್ದರು. ಸ್ಟಾಫ್ ರೂಮಿನ ಕಂಪ್ಯೂಟರ್‌ನಲ್ಲಿರುವ ಹಳೆಯ ಎಕ್ಸೆಲ್‌ಗೆ IFS ಗೊತ್ತಿಲ್ಲ, `#NAME?` ಅನ್ನುತ್ತದೆ. ನಾನು ಬಳಸಿದ ಐದಾರು ಫಂಕ್ಷನ್‌ಗಳು ಹಳೆಯದರಲ್ಲೂ, ಗೂಗಲ್ ಶೀಟ್ಸ್‌ನಲ್ಲೂ, ಲಿಬ್ರೆಆಫೀಸ್‌ನಲ್ಲೂ ಇವೆ.

ಇನ್ನೊಂದು ಮಾತು. ಫಾರ್ಮುಲಾವನ್ನು ವಾಟ್ಸ್ಯಾಪ್‌ನಲ್ಲಿ ಟೈಪ್ ಮಾಡಿ ಒಬ್ಬರಿಂದೊಬ್ಬರಿಗೆ ಕಳಿಸಬೇಡಿ. ಕೆಲವು ಫೋನ್‌ಗಳ ಕೀಬೋರ್ಡ್ ನೇರವಾದ ಉದ್ಧರಣ ಚಿಹ್ನೆಯನ್ನು ಬಾಗಿದ್ದು ಮಾಡುತ್ತದೆ, ಎರಡು ಅಡ್ಡಗೆರೆಯನ್ನು ಒಂದೇ ಉದ್ದಗೆರೆ ಮಾಡುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಶೀಟ್‌ಗೆ ಕಾಣುತ್ತದೆ. ಹಂಚಿದ ಶೀಟ್‌ನ J4 ಸೆಲ್‌ನಿಂದಲೇ ಕಾಪಿ ಮಾಡಿ ನಿಮ್ಮ ಸೆಕ್ಷನ್‌ನ J4ಗೆ ಪೇಸ್ಟ್ ಮಾಡಿ, ಕೆಳಗೆ ಎಳೆಯಿರಿ.

ರ‍್ಯಾಂಕ್ ನೋಡಲು ಒಟ್ಟು ಅಂಕದ ಮೇಲೆ ಸಾರ್ಟ್ ಮಾಡುತ್ತೀರಿ, ಅಲ್ವಾ? ಆಗ ಎರಡನೇ, ಮೂರನೇ ಸಾಲುಗಳು ಮಕ್ಕಳ ನಡುವೆ ಹೋಗಿ ಸೇರಿಕೊಂಡರೆ ಇಡೀ ಶೀಟ್ ಕೆಟ್ಟಿತು. ಗೂಗಲ್ ಶೀಟ್ಸ್‌ನಲ್ಲಿ ಮೊದಲ ಮೂರು ಸಾಲು Freeze ಮಾಡಿದ್ದೇನೆ, ಇಡೀ ಶೀಟ್ ಸಾರ್ಟ್ ಮಾಡಿದರೂ ಅವು ಕದಲುವುದಿಲ್ಲ. ಎಕ್ಸೆಲ್‌ನಲ್ಲಿ ಮಾಡುವವರು A4ರಿಂದ J ಕಾಲಂನ ಕೊನೆಯವರೆಗೆ ಮಾತ್ರ ಸೆಲೆಕ್ಟ್ ಮಾಡಿ ಸಾರ್ಟ್ ಮಾಡಿ.

ನಿಮ್ಮ ಶೀಟ್‌ಗೆ ಹಾಕಿದ ಮೇಲೆ ಮಕ್ಕಳ ಅಂಕ ತುಂಬುವ ಮೊದಲು ಪರೀಕ್ಷೆ ಮಾಡಿ ನೋಡಿ. ಉತ್ತರ ಮೊದಲೇ ಗೊತ್ತಿರುವ ಸಾಲುಗಳನ್ನು ಕೊಡಬೇಕು, ಅದರಲ್ಲೂ ಗಡಿಯ ಮೇಲೇ ಕೂರುವಂಥವು. 44, 35, 35, 35, 35, 35 ಹಾಕಿ, ಒಟ್ಟು 219, PASS ಬರಬೇಕು. ಅದರಲ್ಲಿ 44ನ್ನು 43 ಮಾಡಿ, FAIL ಆಗಬೇಕು. 110, 85, 84, 83, 84, 85 ಹಾಕಿ, ಒಟ್ಟು 531, DISTINCTION. ಕೊನೆಯ 85ನ್ನು 84 ಮಾಡಿದರೆ 530, PASS. ಅದನ್ನೇ AB ಮಾಡಿದರೆ ABSENT, ಅಳಿಸಿದರೆ CHECK. ಈ ಆರೂ ಸರಿ ಬಂದರೆ ಫಾರ್ಮುಲಾ ಸರಿಯಾಗಿ ಕೂತಿದೆ. ಒಂದು ತಪ್ಪಿದರೂ ಮುಂದೆ ಹೋಗಬೇಡಿ, ನನಗೆ ತೋರಿಸಿ.

ಅಂಕ ತುಂಬಿ ಮುಗಿದ ಮೇಲೆ ಯಾರಾದರೂ J ಕಾಲಂನಲ್ಲಿ ಕೈಯಿಂದ ಬರೆದಿದ್ದಾರಾ ಅಂತ ತಿಳಿಯಲು ಪಕ್ಕದ ಖಾಲಿ ಕಾಲಂನಲ್ಲಿ `=ISFORMULA(J4)` ಹಾಕಿ ಕೆಳಗೆ ಎಳೆಯಿರಿ. FALSE ಬಂದ ಸಾಲಿನಲ್ಲಿ ಫಾರ್ಮುಲಾ ಇಲ್ಲ. ಈ ಫಂಕ್ಷನ್ ಎಕ್ಸೆಲ್ 2013ರಿಂದ ಮಾತ್ರ ಇದೆ, ಹಾಗಾಗಿ ಹಳೆಯ ಕಂಪ್ಯೂಟರ್ ಬಿಟ್ಟು ಗೂಗಲ್ ಶೀಟ್ಸ್‌ನಲ್ಲಿ ನೋಡಿ. ಹಂಚಿದ ಶೀಟ್‌ನಲ್ಲಿ J ಕಾಲಂ ಮತ್ತು ಮೊದಲ ಮೂರು ಸಾಲುಗಳನ್ನು ನಾನು Protect ಮಾಡುತ್ತೇನೆ. ಯಾರ ಮೇಲೂ ಅನುಮಾನ ಇಟ್ಟುಕೊಂಡು ಅಲ್ಲ, ಫೋನ್‌ನಲ್ಲಿ ತೆರೆದು ಸ್ಕ್ರಾಲ್ ಮಾಡುವಾಗ ಬೆರಳು ತಾಗಿ ಸೆಲ್ ಅಳಿಸಿಹೋಗುವುದು ಸಾಮಾನ್ಯ.

ಮುಂದೆ ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ಕೂಡ ತೋರಿಸಬೇಕು ಅಂದರೆ ಕೊನೆಯ ಸಾಲಿನ PASS ಜಾಗದಲ್ಲಿ ಇನ್ನೆರಡು IF ಸೇರುತ್ತವೆ. M3ಗೆ 375, N3ಗೆ 313, ದೊಡ್ಡದರಿಂದ ಚಿಕ್ಕದಕ್ಕೆ ಅದೇ ಕ್ರಮ. ಸದ್ಯಕ್ಕೆ ಹಾಕಿಲ್ಲ. 531ರ ವಿಷಯವನ್ನು ಮುಂದಿನ ಸ್ಟಾಫ್ ಮೀಟಿಂಗ್‌ನಲ್ಲಿ ಹೆಡ್‌ಮಾಸ್ಟರ್ ಮುಂದೆ ಇಡುತ್ತೇನೆ. 532 ಇರಲಿ ಅಂತ ತೀರ್ಮಾನವಾದರೆ ಮೂರೂ ಸೆಕ್ಷನ್‌ನ ಶೀಟ್‌ನಲ್ಲಿ M1 ಒಂದನ್ನೇ ನಾನೇ ಬದಲಿಸುತ್ತೇನೆ, ನೀವು ನಿಮ್ಮ ಶೀಟ್‌ನಲ್ಲಿ ಏನೂ ಮಾಡಬೇಕಾಗಿಲ್ಲ. ಅಲ್ಲಿಯವರೆಗೆ ಕಾರ್ಡ್‌ಗಳನ್ನು ಪ್ರಿಂಟ್ ಮಾಡಬೇಡಿ.